ಅಂಗಡಿಯ ಥರ್ಮಾಕೋಲ್ ಯಾರೂ ಒಯ್ಯುತ್ತಿಲ್ಲ, ಹುಬ್ಬಳ್ಳಿಯಲ್ಲಿ ಏನಾದರೂ ದಾರಿ ಇದೆಯಾ?

ಗೋಕುಲ ರೋಡ್ ಅಂಗಡಿ
ನಮ್ಮದು ಫ್ರಿಜ್, ಟಿವಿ, ವಾಷಿಂಗ್ ಮೆಷಿನ್ ಅಂಗಡಿ. ಗಿರಾಕಿ ಮನೆಗೆ ಮಾಲು ಇಳಿಸಿ ಬಿಚ್ಚಿಕೊಟ್ಟು, ಡಬ್ಬ ಮತ್ತು ಥರ್ಮಾಕೋಲ್ ನಾವೇ ವಾಪಸ್ ತರುತ್ತೇವೆ. ರಟ್ಟು ಮರುದಿನವೇ ಹೋಗುತ್ತದೆ, ಅದಕ್ಕೆ ಗುಜರಿ ಕೊಳ್ಳುವ ಭಂಗಾರದವರು ಜಗಳ ಆಡುತ್ತಾರೆ. ಥರ್ಮಾಕೋಲ್ ಮಾತ್ರ ಯಾರಿಗೂ ಬೇಡ. ಪುಕ್ಕಟೆ ಒಯ್ಯಿರಿ ಅಂದರೂ ನಕ್ಕು ಹೋಗುತ್ತಾರೆ. ದಸರಾ, ದೀಪಾವಳಿ ಮುಗಿದ ಮೇಲೆ ಹಿಂದಿನ ಖೋಲಿ ತುಂಬಿಬಿಟ್ಟಿದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಎಂಟು ಅಡಿ ಎತ್ತರದ ತನಕ. ಬಾಗಿಲು ತೆಗೆದರೆ ಮೈಮೇಲೆ ಬೀಳುತ್ತದೆ.

ಕಸದ ಟಿಪ್ಪರ್‌ಗೆ ಹಾಕಲು ಹೋದರೆ ಡ್ರೈವರ್ ಬೇಡ ಅನ್ನುತ್ತಾನೆ. ಅವನ ಮಾತೂ ಖರೆ. ಒಂದು ಸಲ ಹಾಕಿದ್ದೆವು, ಗಾಡಿ ತಿರುವಿನಲ್ಲಿ ಹೊರಳಿದಾಗ ಅರ್ಧ ಹಾರಿ ಗಟಾರಕ್ಕೆ ಬಿತ್ತು. ಸುಡಲು ಮನಸ್ಸಿಲ್ಲ. ಯಾಕೆ ಯಾರೂ ತಗೊಳ್ಳಲ್ಲ, ಏನು ಮಾಡಬಹುದು, ಗೊತ್ತಿದ್ದವರು ಹೇಳಿ.

ಹಾವೇರಿ ಮಾಸ್ತರ
ಸರ್, ಥರ್ಮಾಕೋಲ್ ಬ್ಯಾನ್ ಆಗಿದೆಯಲ್ಲ? 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ. ಕಂಪನಿಯವರು ಇನ್ನೂ ಅದರಲ್ಲೇ ಪ್ಯಾಕ್ ಮಾಡಿ ಕಳಿಸುವುದೇ ತಪ್ಪು. ಕೇಸ್ ಹಾಕಬೇಕು. ನಮ್ಮ ಶಾಲೆಯಲ್ಲಿ ಗಣಪತಿ ಮಂಟಪಕ್ಕೂ ಈಗ ರಟ್ಟು, ಬಟ್ಟೆ ಮಾತ್ರ.

ಗೋಕುಲ ರೋಡ್ ಅಂಗಡಿ
ಮಾಸ್ತರ್ರೇ, ಮಂಟಪದ ಥರ್ಮಾಕೋಲ್ ಬೇರೆ ಮಾತು. ನನ್ನ ಖೋಲಿಯಲ್ಲಿ ಇರುವುದು ಫ್ರಿಜ್ಜಿನದು.

ತಾರಿಹಾಳ ಆಪರೇಟರ್
ಮಾಸ್ತರ್ ಹೇಳಿದ ದಿನಾಂಕ ಸರಿ. ಆದರೆ ಆ ಪಟ್ಟಿಯಲ್ಲಿ ಇರುವುದು ಅಲಂಕಾರಕ್ಕೆ ಬಳಸುವ ಥರ್ಮಾಕೋಲ್. ಮಾಲಿನ ಸುತ್ತ ಕೂರಿಸುವ ಪ್ಯಾಕಿಂಗ್ ಅದರಲ್ಲಿ ಬರಲ್ಲ. ಹಾಗಾಗಿ ಕೇಸ್ ನಿಲ್ಲಲ್ಲ.

ಯಾಕೆ ಒಯ್ಯುವುದಿಲ್ಲ ಅಂತ ಕೇಳಿದ್ದೀರಿ. ಅಣ್ಣಾರೆ, ಒಂದು ಕೆಲಸ ಮಾಡಿ. ಜೋಳದ ದೊಡ್ಡ ಚೀಲ, ನೂರು ಕಿಲೋದ್ದು, ಅದರಲ್ಲಿ ಥರ್ಮಾಕೋಲ್ ಮುರಿದು ಬಾಯಿ ತನಕ ತುರುಕಿ ತೂಗಿ. ಎಷ್ಟು ಬಂತು ಇಲ್ಲೇ ಬರೆಯಿರಿ, ಆಮೇಲೆ ಮಾತಾಡೋಣ.

ಹಳೇಹುಬ್ಬಳ್ಳಿ ಹುಡುಗ
ನಮ್ಮಪ್ಪನದು ಭಂಗಾರದ ಅಂಗಡಿ. ನಾವು ಯಾಕೆ ತಗೊಳ್ಳಲ್ಲ ಅಂತ ನಾನೇ ಹೇಳುತ್ತೇನೆ. ಅದಕ್ಕೆ ರೇಟೇ ಇಲ್ಲ. ಅದು ಪ್ಲಾಸ್ಟಿಕ್ಕೇ ಅಲ್ಲ, ಒಂಥರಾ ಕಾಗದದ ಹತ್ತಿ ಇದ್ದಂಗೆ. ಕರಗಿಸಿದರೆ ಏನೂ ಉಳಿಯಲ್ಲ, ಬರೀ ಹೊಗೆ.

ಗೋಕುಲ ರೋಡ್ ಅಂಗಡಿ
ತೂಗಿದೆ. ಹುಡುಗರು ಕಾಲಲ್ಲಿ ತುಳಿದು ತುಂಬಿಸಿದರು. ಚೀಲ ಬಿಟ್ಟು 1 ಕಿಲೋ 600 ಗ್ರಾಂ. ತಕ್ಕಡಿ ಕೆಟ್ಟಿದೆ ಅಂದುಕೊಂಡು ಪಕ್ಕದ ಕಿರಾಣಿಯಲ್ಲಿ ಮತ್ತೊಮ್ಮೆ ತೂಗಿದೆ. ಅಷ್ಟೇ!

ತಾರಿಹಾಳ ಆಪರೇಟರ್
ತಕ್ಕಡಿ ಸರಿ ಇದೆ. ಥರ್ಮಾಕೋಲ್‌ನಲ್ಲಿ ನೂರಕ್ಕೆ 98 ಪಾಲು ಗಾಳಿ. ಉಳಿದ ಎರಡು ಪಾಲು ಪಾಲಿಸ್ಟೈರೀನ್. ಸಣ್ಣ ಸಕ್ಕರೆ ಹರಳಿನಂಥ ಕಾಳಿನೊಳಗೆ ಪೆಂಟೇನ್ ಅಂತ ಒಂದು ಅನಿಲ ಕೂತಿರುತ್ತದೆ. ಉಗಿ ಕೊಟ್ಟರೆ ಆ ಕಾಳು ಮಂಡಕ್ಕಿಯ ಹಾಗೆ ಉಬ್ಬುತ್ತದೆ. ಅಚ್ಚಿನಲ್ಲಿ ಮತ್ತೆ ಉಗಿ ಕೊಟ್ಟಾಗ ಉಬ್ಬಿದ ಕಾಳುಗಳು ಒಂದಕ್ಕೊಂದು ಅಂಟುತ್ತವೆ. ಅಷ್ಟೇ ಅದರ ಕಥೆ. ಹಳೇಹುಬ್ಬಳ್ಳಿ ತಮ್ಮಾ, ಅದು ಪಕ್ಕಾ ಪ್ಲಾಸ್ಟಿಕ್. ಶಾಲೆಯ ಪಾರದರ್ಶಕ ಸ್ಕೇಲು, ಸಿಡಿ ಡಬ್ಬ, ಇವೂ ಪಾಲಿಸ್ಟೈರೀನೇ. ಕರಗಿಸಿದರೆ ಹೊಗೆಯಾಗಿ ಹೋಗಲ್ಲ, ಅಷ್ಟು ಚಿಕ್ಕದಾಗುತ್ತದೆ ಅಂತ ನಿಮಗೆ ಹಾಗೆ ಕಂಡಿದೆ. ಹೊಗೆ ಬಂದಿದ್ದರೆ ನೀವು ಕರಗಿಸಿಲ್ಲ, ಸುಟ್ಟಿದ್ದೀರಿ.

ಆದರೆ "ರೇಟಿಲ್ಲ" ಅಂದಿದ್ದರಲ್ಲಿ ಅರ್ಧ ಸತ್ಯ ಇದೆ. ಭಂಗಾರದ ವ್ಯಾಪಾರ ಪೂರಾ ತೂಕದ ಮೇಲೆ. ಥರ್ಮಾಕೋಲ್‌ನ ಖರ್ಚು ಪೂರಾ ಜಾಗದ ಮೇಲೆ. ಛೋಟಾ ಹಾಥಿ ಗಾಡಿಯ ಹಿಂದೆ ಹಗ್ಗ ಕಟ್ಟಿ ಎತ್ತರಕ್ಕೆ ತುಂಬಿದರೆ ಆರು ಘನ ಮೀಟರ್ ಹಿಡಿಯಬಹುದು. ತುಂಡುಗಳ ನಡುವೆ ಸಂದಿ ಇರುತ್ತದಲ್ಲ, ಹಾಗಾಗಿ ಘನ ಮೀಟರ್‌ಗೆ ಹತ್ತು ಕಿಲೋ ಹಿಡಿಯಿರಿ. ಒಂದು ಟ್ರಿಪ್ಪಿಗೆ 60 ಕಿಲೋ. ಲೆಕ್ಕಕ್ಕೆ ಕಿಲೋಗೆ ಎಂಟು ರೂಪಾಯಿ ಅಂತ ಇಟ್ಟುಕೊಂಡರೆ 480 ರೂಪಾಯಿ. ಊರೊಳಗಿನ ಬಾಡಿಗೆ, ಹಮಾಲಿ ಸೇರಿ 800 ಅನ್ನಿ. ಮಾಲು ಮುಟ್ಟುವ ಮೊದಲೇ 320 ಕೈಯಿಂದ ಹೋಯಿತು. ಅದೇ ಗಾಡಿಯಲ್ಲಿ ರಟ್ಟು ತುಂಬಿದರೆ ಮೊದಲು ಗಾಡಿಯ ಶಕ್ತಿ ಮುಗಿಯುತ್ತದೆ, ಜಾಗ ಅಲ್ಲ. ನಿಮ್ಮಪ್ಪ ಬೇಡ ಅಂದಿದ್ದು ಶಾಣ್ಯಾತನದ ಲೆಕ್ಕವೇ.

ಹಳೇಹುಬ್ಬಳ್ಳಿ ಹುಡುಗ
ಅಪ್ಪನಿಗೆ ಓದಿ ಹೇಳಿದೆ. "ಇದನ್ನು ಹೇಳಲು ಇಷ್ಟು ಬರೀಬೇಕಾ" ಅಂದರು.

ರಟ್ಟಿನ ಬೇಲ್
ನಾನು ರಟ್ಟು ಒತ್ತಿ ಬೇಲ್ ಕಟ್ಟುವ ಮೆಷಿನ್ ನಡೆಸುತ್ತೇನೆ. ಅದೇ ಮೆಷಿನ್‌ಗೆ ಥರ್ಮಾಕೋಲ್ ಹಾಕಿ ಒತ್ತಿಬಿಡಿ. ಹೈಡ್ರಾಲಿಕ್ ಪ್ರೆಸ್, ಎಂಥದ್ದನ್ನೂ ಚಪ್ಪಟೆ ಮಾಡುತ್ತದೆ. ಗಾಳಿ ಹೋದರೆ ಮುಗೀತಲ್ಲ. ಇದಕ್ಕೆ ಬೇರೆ ಮೆಷಿನ್ ಯಾಕೆ?

ತಾರಿಹಾಳ ಆಪರೇಟರ್
ಒಮ್ಮೆ ಹಾಕಿ ನೋಡಿದ್ದೀರಾ?

ರಟ್ಟಿನ ಬೇಲ್
ಒಮ್ಮೆ ಹಾಕಿದ್ದೆ. ಸ್ವಲ್ಪ ಇಳಿಯಿತು. ಪ್ಲೇಟ್ ಮೇಲೆತ್ತಿದ ಮೇಲೆ ಮತ್ತೆ ಎದ್ದಿತು. ಪಟ್ಟಿ ಬಿಗಿದಿದ್ದೆ, ಪಟ್ಟಿ ಕಿತ್ತಿತು. ನೆಲದ ತುಂಬ ಬಿಳಿ ಕಾಳು, ಎರಡು ದಿನ ಗುಡಿಸಿದೆವು.

ತಾರಿಹಾಳ ಆಪರೇಟರ್
ಅದೇ ನೋಡಿ. ಪ್ರತಿ ಕಾಳಿನೊಳಗೂ ನೂರಾರು ಮುಚ್ಚಿದ ಗೂಡುಗಳು. ಗಾಳಿಗೆ ಹೊರಗೆ ಬರಲು ಬಾಗಿಲಿಲ್ಲ. ಒತ್ತಿದಾಗ ಬಲೂನಿನ ಹಾಗೆ ಕುಗ್ಗುತ್ತದೆ, ಬಿಟ್ಟಾಗ ಬಹಳಷ್ಟು ಮತ್ತೆ ಉಬ್ಬುತ್ತದೆ. ನಿಮ್ಮ ಪ್ರೆಸ್‌ನಲ್ಲಿ ಜಾಗ ಒಂದಿಷ್ಟು ಕಡಿಮೆ ಆಗುವುದು ನಿಜ, ಪೂರಾ ಸುಳ್ಳಲ್ಲ. ಆದರೆ ದೂರ ಸಾಗಿಸಲು ಅದು ಸಾಲಲ್ಲ.

ನಾನು ತಾರಿಹಾಳಕ್ಕೆ ಬರುವ ಮೊದಲು ನಾಲ್ಕು ವರ್ಷ ಬೆಂಗಳೂರಲ್ಲಿ ಥರ್ಮಾಕೋಲ್ ಒತ್ತುವ ಮೆಷಿನ್ ನಡೆಸಿದ್ದೇನೆ. ಮೇಲೆ ದೊಡ್ಡ ಹಾಪರ್. ಒಳಗೆ ಹಲ್ಲುಗಳಿರುವ ಶಾಫ್ಟ್ ತಿರುಗಿ ಥರ್ಮಾಕೋಲ್ ಅನ್ನು ಅಂಗೈಯಗಲದ ಚೂರು ಮಾಡುತ್ತದೆ. ಕೆಳಗೆ ಒಂದು ಸ್ಕ್ರೂ, ಕಬ್ಬಿಣದ ದೊಡ್ಡ ಬೈರಿಗೆ ಅಂದುಕೊಳ್ಳಿ. ಅದು ಚೂರನ್ನು ದೂಡಿ ದೂಡಿ ಇಕ್ಕಟ್ಟಾದ ಚೌಕ ಕೊಳವೆಗೆ ತುರುಕುತ್ತದೆ. ಅಲ್ಲಿ ತಿಕ್ಕಾಟಕ್ಕೆ ಬಿಸಿಯಾಗಿ ಗೂಡುಗಳು ಒಡೆಯುತ್ತವೆ. ಪಾಲಿಸ್ಟೈರೀನ್ 100 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಹಾಗಾಗಿ ಚೂರುಗಳು ಕರಗದೆ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಬಾಯಲ್ಲಿ ಹೈಡ್ರಾಲಿಕ್ ದವಡೆ ಅದನ್ನು ಬಿಗಿ ಹಿಡಿದಿರುತ್ತದೆ. ಆ ಹಿಡಿತ ಸಡಿಲ ಆದರೆ ಮಾಲು ಪುಸಪುಸ. ಜಾಸ್ತಿ ಆದರೆ ಮೋಟರ್ ಏದುಸಿರು ಬಿಡುತ್ತದೆ. ಹೊರಗೆ ಬರುವುದು ಬಿಳಿ ದಿಂಡು, ಬೆಣ್ಣೆ ಮೆಷಿನ್‌ನಿಂದ ಬಂದಂತೆ ನಿಧಾನವಾಗಿ. ಅಳತೆಗೆ ಮುರಿದು ಜೋಡಿಸುತ್ತಾ ಹೋಗುವುದು.

ಆ ದಿಂಡು ಘನ ಮೀಟರ್‌ಗೆ 300 ಕಿಲೋ ಆಸುಪಾಸು ತೂಗುತ್ತದೆ. ಅಂಗಡಿ ಅಣ್ಣಾರ ಖೋಲಿ ಲೆಕ್ಕ ಹಾಕಿದರೆ 27 ಘನ ಮೀಟರ್, ಸುಮಾರು 270 ಕಿಲೋ. ಒತ್ತಿದ ಮೇಲೆ ಒಂದು ಘನ ಮೀಟರ್ ಕೂಡ ಆಗಲ್ಲ. ಖೋಲಿ ತುಂಬ ಇದ್ದದ್ದು ಒಂದು ಮಂಚದ ಕೆಳಗೆ ಕೂರುತ್ತದೆ. ಐದು ಟ್ರಿಪ್ ಬೇಕಿದ್ದದ್ದು ಒಂದೇ ಟ್ರಿಪ್ಪಿನ ಅರ್ಧ ಗಾಡಿಯಲ್ಲಿ ಹೋಗುತ್ತದೆ.

ಬೆಟಗೇರಿ ಅಕ್ಕ
ನನ್ನದು ಸ್ವಲ್ಪ ಬೇರೆ ಕಥೆ, ತಪ್ಪು ತಿಳೀಬೇಡಿ. ನಮ್ಮ ಮನೆ ಹಿಂದೆ ತಗಡಿನ ಶೆಡ್ ಇದೆ, ಅಲ್ಲಿ ಹೊಲಿಗೆ ಮೆಷಿನ್ ಇಟ್ಟಿದ್ದೇನೆ. ಗದಗಿನ ಬಿಸಿಲು ಗೊತ್ತಲ್ಲ. ಟಿವಿ ಅಂಗಡಿಯಿಂದ ಥರ್ಮಾಕೋಲ್ ತಂದು ತಗಡಿನ ಕೆಳಗೆ ಕಟ್ಟಿಸಿದೆ. ನಿಜವಾಗ್ಲೂ ತಂಪಾಯಿತು. ಚಂದ ಕಾಣಲಿ ಅಂತ ಉಳಿದಿದ್ದ ಆಯಿಲ್ ಪೇಂಟ್ ಹಚ್ಚಿಸಿದೆ. ಮರುದಿನ ನೋಡಿದರೆ ಗೆದ್ದಲು ತಿಂದ ಹಾಗೆ ತೂತು ತೂತು! ಪೇಂಟ್ ಬಿಸಿಯಾಗಿತ್ತಾ?

ತಾರಿಹಾಳ ಆಪರೇಟರ್
ಬಿಸಿ ಅಲ್ಲ ಅಕ್ಕಾರೆ, ಥಿನ್ನರ್. ಆಯಿಲ್ ಪೇಂಟಿನ ದ್ರಾವಕ ಪಾಲಿಸ್ಟೈರೀನ್ ಅನ್ನು ತಿಂದುಹಾಕುತ್ತದೆ. ನೀರಿನ ಪೇಂಟ್ ಹಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬಿಡಿ, ಪ್ಯಾಕಿಂಗ್ ಥರ್ಮಾಕೋಲ್ ಅನ್ನು ಹೀಗೆ ಬರಿದೇ ಚಾವಣಿಗೆ ಕಟ್ಟುವುದು ನನಗೆ ಸರಿ ಕಾಣಲ್ಲ. ಬೆಂಕಿ ಹತ್ತಿದರೆ ಕರಗಿ ಉರಿಯುತ್ತಾ ಕೆಳಗೆ ತೊಟ್ಟಿಕ್ಕುತ್ತದೆ. ಕೆಳಗೆ ಹೊಲಿಗೆ ಮೆಷಿನ್ ಇದೆ ಅಂತ ನೀವೇ ಹೇಳಿದ್ದೀರಿ, ಬಟ್ಟೆ ಇದ್ದೇ ಇರುತ್ತದೆ. ಇಸ್ತ್ರಿ ಪೆಟ್ಟಿಗೆಯೂ ಅಲ್ಲೇ ಇರಬೇಕು ಅಲ್ವಾ?

ಬೆಟಗೇರಿ ಅಕ್ಕ
ಇಸ್ತ್ರಿ ಅಲ್ಲೇ ಇದೆ. ನಾಳೆ ಕೀಳಿಸುತ್ತೇನೆ. ಇಲಿಯೂ ಅದರಲ್ಲಿ ಬಿಲ ಕೊರೆದಿತ್ತು, ಹೇಳಲು ನಾಚಿಕೆ.

ವಿದ್ಯಾನಗರ ಸ್ಟೂಡೆಂಟ್
ಅಕ್ಕನ ಪೇಂಟ್ ಕಥೆ ಓದಿ ನೆನಪಾಯಿತು. ಮೆಷಿನ್ ಯಾಕೆ ಬೇಕು? ಕಾಲೇಜಿನಲ್ಲಿ ಅಸಿಟೋನ್‌ಗೆ ಥರ್ಮಾಕೋಲ್ ಹಾಕಿದ್ದೆವು. ಒಂದು ಲೋಟದಷ್ಟು ದ್ರವ ಒಂದು ಬಕೆಟ್ ಥರ್ಮಾಕೋಲ್ ನುಂಗಿತು. ಅಂಗಡಿಯವರು ಒಂದು ಡ್ರಮ್ ಇಟ್ಟು, ಅಸಿಟೋನ್ ದುಬಾರಿ ಆದರೆ ಪೆಟ್ರೋಲ್ ಹಾಕಿ, ಅದರಲ್ಲೇ ಕರಗಿಸಿದರೆ ಖೋಲಿ ಒಂದೇ ದಿನದಲ್ಲಿ ಖಾಲಿ.

ತಾರಿಹಾಳ ಆಪರೇಟರ್
ತಮ್ಮಾ, ಪೆಟ್ರೋಲ್ ಮಾತು ಇಲ್ಲಿಗೇ ಬಿಡು. ಪೆಟ್ರೋಲ್‌ನಲ್ಲಿ ಥರ್ಮಾಕೋಲ್ ಕರಗಿದ ಅಂಟು ಯುದ್ಧದಲ್ಲಿ ಬಳಸುವಂಥ ವಸ್ತು. ಹೊತ್ತಿಕೊಂಡರೆ ಮೈಗೆ ಅಂಟಿ ಉರಿಯುತ್ತದೆ. ಅಂಗಡಿ ಹಿಂದೆ ಡ್ರಮ್ ಇಟ್ಟು ಮಾಡುವುದಂತೂ ಬೇಡವೇ ಬೇಡ.

ಅಸಿಟೋನ್‌ನಲ್ಲಿ ನೀನು ನೋಡಿದ್ದು ಸರಿ. ಆದರೆ ಗಾಳಿ ಹೋದದ್ದು ಮಾತ್ರ ಕಂಡಿತು, ಅಸಿಟೋನ್ ಒಳಗೆ ಉಳಿದದ್ದು ಕಾಣಲಿಲ್ಲ. ತಳದಲ್ಲಿ ಉಳಿದ ಚ್ಯೂಯಿಂಗ್ ಗಮ್ಮಿನಂಥ ಮುದ್ದೆ ಮೇಲೆ ಒಣಗಿದಂತೆ ಕಾಣುತ್ತದೆ, ನಡುವೆ ವಾರಗಟ್ಟಲೆ ಒದ್ದೆ. ಅಂಥದ್ದನ್ನು, ಪ್ಲಾಸ್ಟಿಕ್ ಕರಗಿಸಿ ಎಳೆ ತೆಗೆಯುವ ನಮ್ಮ ಎಕ್ಸ್‌ಟ್ರೂಡರ್‌ಗೆ ಹಾಕಿದರೆ ದ್ರಾವಕ ಕುದ್ದು ಎಳೆ ತುಂಬ ಗುಳ್ಳೆ ಏಳುತ್ತದೆ, ಆವಿಗೆ ಬೆಂಕಿ ಹತ್ತುವ ಭಯ ಬೇರೆ. ಯಾರೂ ಕೊಳ್ಳಲ್ಲ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಸಿಗುವ ಲಿಮೊನೀನ್‌ನಲ್ಲಿ ಕರಗಿಸುವ ದಾರಿಯೂ ಇದೆ, ಒಳ್ಳೆಯ ದಾರಿಯೇ. ಆದರೆ ಕರಗಿಸಿದ ಮೇಲೆ ಆ ಎಣ್ಣೆಯನ್ನು ಮುಚ್ಚಿದ ಪಾತ್ರೆಯಲ್ಲಿ, ನಿರ್ವಾತದಲ್ಲಿ ಬೇರ್ಪಡಿಸಿ ವಾಪಸ್ ಹಿಡಿಯಬೇಕು. ಅದು ಕಾರ್ಖಾನೆ ಕೆಲಸ.

ವಿದ್ಯಾನಗರ ಸ್ಟೂಡೆಂಟ್
ಸರಿ ಸರ್, ಪೆಟ್ರೋಲ್ ವಾಪಸ್ ತಗೊಂಡೆ. ಹಾಗಾದರೆ ಸುಮ್ನೆ ಬಿಸಿ ಮಾಡಿ ಕರಗಿಸಿ ಗಟ್ಟಿ ಮಾಡಬಹುದಲ್ಲ? ಹಾಗೆ ಮಾಡುವ ಮೆಷಿನ್ ವೀಡಿಯೊ ನೋಡಿದ್ದೇನೆ.

ತಾರಿಹಾಳ ಆಪರೇಟರ್
ಇದೆ. ಹೀಟರ್ ಇರುವ ಮೆಷಿನ್‌ನಿಂದ ಬಿಸಿ ಮುದ್ದೆ ಹೊರಗೆ ಬೀಳುತ್ತದೆ, ಟ್ರೇನಲ್ಲಿ ತಣಿಸಿದರೆ ಕಲ್ಲಿನಂಥ ಗಟ್ಟಿ. ಒತ್ತಿದ ದಿಂಡಿಗಿಂತ ಎರಡು ಪಟ್ಟಿಗೂ ಜಾಸ್ತಿ ಭಾರ. ಮೆಷಿನ್ ಸಣ್ಣದು. ತೊಂದರೆ ಇರುವುದು ಹುಡುಗರು ಹೀಟರ್ ಏರಿಸುವುದರಲ್ಲಿ. ಬೇಗ ಮುಗಿಸುವ ಆಸೆಗೆ ಉರಿ ಜಾಸ್ತಿ ಮಾಡುತ್ತಾರೆ, ಕಣ್ಣು ಉರಿಯುವ ವಾಸನೆ ಏಳುತ್ತದೆ, ಅದು ಸ್ಟೈರೀನ್. ಹೊಗೆ ಎಳೆಯುವ ವ್ಯವಸ್ಥೆ ಇಲ್ಲದಿದ್ದರೆ ಅದರ ಮುಂದೆ ನಿಲ್ಲಬಾರದು. ಮಾಲೂ ಕೆಡುತ್ತದೆ. ಒಳಗಿನ ಉದ್ದ ಸರಪಳಿ ತುಂಡಾಗಿ ಪ್ಲಾಸ್ಟಿಕ್ ಪೆಡಸಾಗುತ್ತದೆ.

ಕೊಳ್ಳುವಾಗ ನಾವು ನೋಡುವುದು ಹೀಗೆ. ಒಂದು ತುಂಡು ಮುರಿಯುತ್ತೇವೆ. ಒತ್ತಿದ ದಿಂಡಾದರೆ ಒಳಗೆ ಬಿಳಿ ಇರಬೇಕು, ಹಳೆ ಕಾಳಿನ ಗೆರೆ ಇನ್ನೂ ಮಸುಕಾಗಿ ಕಾಣಬೇಕು, ಉಗುರು ಇಳಿಯಬಾರದು. ಕಂದು ಬಣ್ಣ, ಸುಟ್ಟ ವಾಸನೆ ಇದ್ದರೆ ರೇಟ್ ಅರ್ಧ. ಮುರಿದಾಗ ಒಳಗೆ ಸ್ಪಂಜಿನಂತೆ ತೂತು ಇದ್ದರೆ ಒದ್ದೆ ಮಾಲು ಹಾಕಿದ್ದಾರೆ ಅಂತ ಅರ್ಥ. ನೀರು ಉಗಿಯಾಗಿ ಹೊರಗೆ ನುಗ್ಗುವಾಗ ದಿಂಡು ಬಿರಿಯುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅಂಗಳದಲ್ಲಿ ಬಿಟ್ಟ ಮಾಲು ಹೀಗೇ ಆಗುತ್ತದೆ.

ಗೋಕುಲ ರೋಡ್ ಅಂಗಡಿ
ನನ್ನ ಖೋಲಿಯದು ಒಣಗಿದೆ. ಆದರೆ ಎಲ್ಲ ಒಂದೇ ಥರ ಇಲ್ಲ. ಟಿವಿ ಡಬ್ಬದಲ್ಲಿ ಬಿಳಿ ಬಾಗುವ ಫೋಮ್ ಶೀಟ್ ಬರುತ್ತದೆ. ಕಂದು ಟೇಪ್ ಅಂಟಿದ್ದು, ಸ್ಟಿಕ್ಕರ್ ಇದ್ದದ್ದು, ಎಲ್ಲ ಕಲಸುಮೇಲೋಗರ.

ತಾರಿಹಾಳ ಆಪರೇಟರ್
ಅದು ದೊಡ್ಡ ತಲೆನೋವು. ಬಾಗುವ ಫೋಮ್ ಪಾಲಿಥೀನ್, ಬೇರೆ ಜಾತಿ. ಎರಡೂ ಬೆರೆಯಲ್ಲ. ನೂರು ಕಿಲೋದಲ್ಲಿ ನಾಲ್ಕೈದು ಕಿಲೋ ಅದು ಸೇರಿದರೂ ಎಳೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಗುರುತು ಸುಲಭ: ಮುರಿಯಿರಿ. ಚಟ್ ಅಂತ ತುಂಡಾಗಿ ಕಾಳು ಉದುರಿದರೆ ಥರ್ಮಾಕೋಲ್. ಬಾಗಿ ಮತ್ತೆ ನೆಟ್ಟಗಾದರೆ ಅಲ್ಲ. ಅನುಮಾನ ಇದ್ದರೆ ಉಗುರು ಬಣ್ಣ ತೆಗೆಯುವ ದ್ರವ ಒಂದು ಹನಿ ಬಿಡಿ. ಅದರಲ್ಲಿ ಅಸಿಟೋನ್ ಇದ್ದರೆ ಥರ್ಮಾಕೋಲ್ ಕುಸಿಯುತ್ತದೆ, ಮತ್ತೊಂದು ಜಪ್ಪಯ್ಯ ಅನ್ನಲ್ಲ. ಟೇಪ್ ಇದ್ದ ಜಾಗವನ್ನು ಕುಡುಗೋಲಿನಿಂದ ಕತ್ತರಿಸಿ ಬಿಸಾಡುವುದೇ ಬೇಗ, ಸುಲಿಯುತ್ತಾ ಕೂತರೆ ಕೂಲಿ ಗಿಟ್ಟಲ್ಲ. ಮೀನಿನ ಡಬ್ಬ ಮಾತ್ರ ಬೇರೆಯೇ ಇಡಿ. ಒಂದು ವಾಸನೆಯ ಡಬ್ಬ ಇಡೀ ದಿಂಡಿಗೆ ಹತ್ತುತ್ತದೆ.

ಹಾವೇರಿ ಮಾಸ್ತರ
ಇಷ್ಟೆಲ್ಲ ಮಾಡಿ ಕೊನೆಗೆ ಆಗುವುದೇನು? ಮತ್ತೆ ಥರ್ಮಾಕೋಲೇ?

ತಾರಿಹಾಳ ಆಪರೇಟರ್
ಬಹಳ ಮಟ್ಟಿಗೆ ಅಲ್ಲ. ದಿಂಡು ಪುಡಿ ಮಾಡಿ, 200 ಡಿಗ್ರಿ ಆಸುಪಾಸಿನ ಎಕ್ಸ್‌ಟ್ರೂಡರ್‌ನಲ್ಲಿ ಕರಗಿಸಿ, ಜಾಲರಿಯಲ್ಲಿ ಸೋಸಿ, ಶಾವಿಗೆಯ ಹಾಗೆ ಎಳೆ ತೆಗೆದು, ನೀರಲ್ಲಿ ತಣಿಸಿ ಕತ್ತರಿಸಿದರೆ ದಾಣಿ. ಅದರಿಂದ ಹ್ಯಾಂಗರ್, ಸ್ಕೇಲು ಆಗುತ್ತವೆ. ತಿನ್ನುವ ಪದಾರ್ಥ ಮುಟ್ಟುವ ವಸ್ತುವಿಗೆ ಈ ದಾಣಿ ಬಳಸಬಾರದು.

ಆದರೆ ಚಂದದ ಉಪಯೋಗ ಒಂದಿದೆ. ದುರ್ಗದ ಬೈಲಿನಲ್ಲಿ ದೇವರ ಫೋಟೊಗೆ ಕಟ್ಟು ಹಾಕಿಸುತ್ತೀರಲ್ಲ, ಸಾಗವಾನಿಯಂತೆ ಕಾಣುವ ಅಗ್ಗದ ಕಟ್ಟು. ಅಂಗಡಿಯವನು ಅಳತೆಗೆ ಕೊಯ್ದ ತುದಿ ನೋಡಿ. ಒಳಗೆ ಬಿಳಿ ಅಥವಾ ಬೂದಿ, ಸಣ್ಣ ರಂಧ್ರಗಳು. ಅದು ಕಟ್ಟಿಗೆ ಅಲ್ಲ, ಪಾಲಿಸ್ಟೈರೀನ್ ಪಟ್ಟಿ. ಎಕ್ಸ್‌ಟ್ರೂಡರ್‌ನಲ್ಲಿ ಸ್ವಲ್ಪ ಉಬ್ಬಿಸಿ ಎಳೆದು, ಮೇಲೆ ಕಟ್ಟಿಗೆ ಗೆರೆಯ ಹಾಳೆಯನ್ನು ಬಿಸಿ ರೋಲರ್‌ನಿಂದ ಒತ್ತಿರುತ್ತಾರೆ. ಒತ್ತಿದ ಥರ್ಮಾಕೋಲ್ ಹೋಗುವ ದೊಡ್ಡ ದಾರಿಗಳಲ್ಲಿ ಇದೊಂದು. ಅಲ್ಲಿ ಬಣ್ಣ ಸ್ವಲ್ಪ ಮಾಸಿದ್ದರೂ ಪರವಾಗಿಲ್ಲ, ಮೇಲೆ ಹಾಳೆ ಮುಚ್ಚುತ್ತದೆ.

ಬೆಟಗೇರಿ ಅಕ್ಕ
ಈಗಷ್ಟೇ ನಮ್ಮ ಲಕ್ಷ್ಮಿ ಫೋಟೊ ತಿರುಗಿಸಿ ನೋಡಿದೆ. ಮೂಲೆಯಲ್ಲಿ ಬಿಳಿ! ಇಷ್ಟು ದಿನ ಕಟ್ಟಿಗೆ ಅಂತ ಎಣ್ಣೆ ಒರೆಸುತ್ತಿದ್ದೆ.

ಧಾರವಾಡ ಸಿವಿಲ್
ನನ್ನದೊಂದು ಮಾತು. ಖೋಲಿಯ ಮಾಲನ್ನು ಒತ್ತದೆ ಪುಡಿ ಮಾಡಿ ಕಾಂಕ್ರೀಟಿಗೆ ಹಾಕಬಹುದು. ಚಾವಣಿ ಮೇಲೆ ನೀರು ಹರಿಯಲು ಇಳಿಜಾರು ಕೊಡುತ್ತೇವಲ್ಲ, ಆ ಪದರಕ್ಕೆ ನಾನು ಎರಡು ಕಡೆ ಬಳಸಿದ್ದೇನೆ. ಹಗುರ, ಕೆಳಗೆ ತಂಪು. ಆದರೆ ಮೊದಲ ಸಲ ಕೆಟ್ಟಿತು. ಮಿಕ್ಸರ್‌ಗೆ ಎಲ್ಲ ಒಟ್ಟಿಗೆ ಹಾಕಿದೆವು, ಕಾಳು ಮೇಲೆ ತೇಲಿ ಬಂತು, ಗಾರೆ ಕೆಳಗೆ ಕೂತಿತು. ಎರಡನೇ ಸಲ ಮೊದಲು ಸಿಮೆಂಟ್ ಹಾಲಿನಲ್ಲಿ ಕಾಳು ತಿರುಗಿಸಿ, ಬಿಳಿ ಹೋಗಿ ಬೂದಿ ಬಣ್ಣ ಹಿಡಿದ ಮೇಲೆ ಮರಳು ಹಾಕಿದೆವು. ನೀರು ಕಡಿಮೆ. ಚೆನ್ನಾಗಿ ಬಂತು. ಭಾರ ಹೊರುವ ಕಡೆ ಮಾತ್ರ ಹಾಕಬೇಡಿ, ಕಾಲಮ್ಮು, ಬೀಮು ಅಂತೂ ಬೇಡ.

ತಾರಿಹಾಳ ಆಪರೇಟರ್
ಇದು ಒಳ್ಳೆಯದು, ಸಾಗಾಟವೇ ಇಲ್ಲ. ಒಂದೇ ಅನುಮಾನ. ಒಮ್ಮೆ ಸಿಮೆಂಟ್ ಒಳಗೆ ಹೋದ ಪ್ಲಾಸ್ಟಿಕ್ ಮತ್ತೆ ಸಿಗಲ್ಲ. ಮುಂದೆ ಆ ಚಾವಣಿ ಒಡೆದಾಗ ಕಾಳು ಎಲ್ಲಿಗೆ ಹೋಗುತ್ತದೆ?

ಧಾರವಾಡ ಸಿವಿಲ್
ಮೂವತ್ತು ವರ್ಷ ಆದಮೇಲೆ ಒಡೆದಾಗ ನೋಡೋಣ ಸರ್. ಈಗ ಗಟಾರದಲ್ಲಿ ಇರುವುದಕ್ಕಿಂತ ವಾಸಿ ಅಲ್ವಾ?

ತಾರಿಹಾಳ ಆಪರೇಟರ್
ನಾನು ಪೂರಾ ಒಪ್ಪಲ್ಲ. ಇರಲಿ.

ಗೋಕುಲ ರೋಡ್ ಅಂಗಡಿ
ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಮ್ಮ ರೋಡಿನ ಅಂಗಡಿಯವರೆಲ್ಲ ಸೇರಿ ಒಂದು ಒತ್ತುವ ಮೆಷಿನ್ ಹಾಕಿದರೆ ಗಿಟ್ಟುತ್ತದಾ?

ತಾರಿಹಾಳ ಆಪರೇಟರ್
ಗಂಟೆಗೆ 50 ಕಿಲೋದ ಸಣ್ಣ ಮೆಷಿನ್ ಹಿಡಿಯಿರಿ. ನಿಮ್ಮ ಇಡೀ ಖೋಲಿ ಐದೂವರೆ ಗಂಟೆಯಲ್ಲಿ ಖಾಲಿ. ಆಮೇಲೆ ಮೆಷಿನ್ ಸುಮ್ನೆ ಕೂರುತ್ತದೆ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ಓಡಬೇಕಾದರೆ ಹತ್ತು ಟನ್ ಬೇಕು. ಅಂದರೆ ನಿಮ್ಮಂಥ 37 ಖೋಲಿ, ಪ್ರತಿ ತಿಂಗಳು. ಹಬ್ಬದ ತಿಂಗಳು ಸಿಗಬಹುದು. ಆಷಾಢದಲ್ಲಿ?

ಹಳೇಹುಬ್ಬಳ್ಳಿ ಹುಡುಗ
ಅಪ್ಪ ಹೇಳುತ್ತಿದ್ದಾರೆ, ಕಾರ್ಖಾನೆಗಳಿಗೆ ಬರುವ ಮೋಟರ್, ಪಂಪು, ಬಿಡಿಭಾಗದ ಪ್ಯಾಕಿಂಗ್ ಅಂಗಡಿಗಳದ್ದಕ್ಕಿಂತ ಜಾಸ್ತಿ ಇದೆಯಂತೆ. ಸ್ವಚ್ಛ, ಒಣ, ಒಂದೇ ಕಡೆ ಸಿಗುತ್ತದೆ. ಅದನ್ನು ಸೇರಿಸಿ ಲೆಕ್ಕ ಹಾಕಿ ಅಂತ. ಒತ್ತಿದ ದಿಂಡು ಆದರೆ ನಾವು ತೂಕಕ್ಕೆ ತಗೊಳ್ಳುತ್ತೇವೆ, ಅದೂ ಹೇಳು ಅಂದರು.

ತಾರಿಹಾಳ ಆಪರೇಟರ್
ಅಪ್ಪನವರ ಮಾತು ಸರಿಯಾದ ಜಾಗಕ್ಕೆ ಬಂತು. ಕಾರ್ಖಾನೆ ಮಾಲು ಅರ್ಧ ಬಂದರೆ ಮೆಷಿನ್ ಓಡಬಹುದು. ಆದರೆ ಥ್ರೀ ಫೇಸ್ ಕರೆಂಟ್ ಇರುವ ಶೆಡ್, ಮಳೆ ತಾಗದ ಗೋದಾಮು, ಟೇಪ್ ಕತ್ತರಿಸಲು ಇಬ್ಬರು, ಇದು ಯಾರ ಮೇಲೆ ಅನ್ನುವುದು ಇನ್ನೂ ಉಳಿದೇ ಇದೆ. ಪ್ಯಾಕಿಂಗ್ ಮಾಡಿದ ಕಂಪನಿಗಳ ಮೇಲೆ ವಾಪಸ್ ಪಡೆಯುವ ಹೊಣೆ ಇದೆ, ನಿಜ. ಆದರೆ ಅದರ ಲೆಕ್ಕವೂ ಟನ್ನಿನಲ್ಲೇ. ಹತ್ತು ಟನ್ ತೋರಿಸಬೇಕಾದವರು ಭಾರದ ಪ್ಲಾಸ್ಟಿಕ್ ಹುಡುಕುತ್ತಾರೆ, ನಿಮ್ಮ ಖೋಲಿಗೆ ಯಾಕೆ ಬರುತ್ತಾರೆ?

ರಟ್ಟಿನ ಬೇಲ್
ಶೆಡ್ ನನ್ನ ಹತ್ತಿರ ಇದೆ. ಥ್ರೀ ಫೇಸ್ ಇದೆ. ಮೆಷಿನ್ ದುಡ್ಡು ನನ್ನಿಂದ ಆಗಲ್ಲ. ಗುಡಿಸುವ ಕೆಲಸವೂ ಇನ್ನೊಮ್ಮೆ ನನ್ನಿಂದ ಆಗಲ್ಲ.

ಗೋಕುಲ ರೋಡ್ ಅಂಗಡಿ
ಭಾನುವಾರ ಅಂಗಡಿ ರಜೆ. ಹತ್ತು ಅಂಗಡಿ ಸುತ್ತಿ ಅವರವರ ಖೋಲಿ ಅಳೆದುಕೊಂಡು ಬರುತ್ತೇನೆ, ತಿಂಗಳ ಲೆಕ್ಕದಲ್ಲಿ. ಹಳೇಹುಬ್ಬಳ್ಳಿ ತಮ್ಮಾ, ಅಪ್ಪನವರನ್ನು ಕೇಳಿ ಕಾರ್ಖಾನೆ ಕಡೆಯದು ನೀನು ನೋಡು. ಅಷ್ಟರೊಳಗೆ ಹುಡುಗರಿಗೆ ಹೇಳಿ ಬಾಗುವ ಫೋಮ್ ಬೇರೆ ತೆಗೆಸುತ್ತಿದ್ದೇನೆ. ಇವತ್ತು ಸಂಜೆಗೆ ಮೂರು ಚೀಲ ಬೇರೆಯಾಯಿತು. ತೂಗಿದೆ, ಮೂರೂ ಸೇರಿ ಐದು ಕಿಲೋ ಇಲ್ಲ.